ಸೋಮವಾರದ ಟೈರುಗಳು

ಟೈರಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಎರಡೇ: ಅದು ದುಂಡಗಿರುತ್ತದೆ, ಮತ್ತು ನಾನು ಅವಸರದಲ್ಲಿರುವ ದಿನ ನೋಡಿಕೊಂಡು ಪಂಕ್ಚರ್ ಆಗುತ್ತದೆ. ಇಷ್ಟೇ ವಿದ್ಯೆ ಇಟ್ಟುಕೊಂಡು ಟೈರ್ ರೀಟ್ರೆಡಿಂಗಿನ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡುಬಿಟ್ಟೆ. ರಾಮನಗರದಲ್ಲಿ ಕೂತು ನಾನು ಅನುವಾದ ಮಾಡದ ಕಾಗದವೇ ಇರಲಿಲ್ಲ. ರೇಷ್ಮೆಹುಳು ಸಾಕುವ ಮನೆಗೆ ಹೊಡೆಯುವ ಔಷಧಿಯ ಚೀಟಿ, ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸುವ ವಿಧಾನ, ನೀರಿನ ಪಂಪಿನ ಗ್ಯಾರಂಟಿ ಕಾರ್ಡು, ಎಲ್ಲವೂ ನನ್ನ ಕೈಯಲ್ಲಿ ಕನ್ನಡವಾಗಿದ್ದವು. ಹಾಗಾಗಿ ಒಂದಿಷ್ಟು ಕೊಬ್ಬು ಬಂದಿತ್ತು. ಟೈರು ಯಾವ ದೊಡ್ಡ ವಿಷಯ ಅಂದುಕೊಂಡೆ.

ಕೆಲಸ ಕೊಟ್ಟವರು ಕನಕಪುರದ ಹೊರಗೆ, ಹಾರೋಹಳ್ಳಿಗೆ ಹೋಗುವ ರಸ್ತೆಯಲ್ಲಿ ವರ್ಕ್‌ಶಾಪ್ ಇಟ್ಟಿದ್ದವರು. ಸವೆದ ಟೈರಿನ ಹಳೇ ಮೇಲ್ಪದರವನ್ನು ಉಜ್ಜಿ ತೆಗೆದು, ಹೊಸ ಪಟ್ಟಿ ಅಂಟಿಸಿ, ದೊಡ್ಡ ಚೇಂಬರಿನಲ್ಲಿಟ್ಟು ಬೇಯಿಸಿ ಕೊಡುವ ಜಾಗ. ಹಾರೋಹಳ್ಳಿಯ ಫ್ಯಾಕ್ಟರಿ ಲಾರಿಗಳು, ಜಲ್ಲಿ ಟಿಪ್ಪರ್‌ಗಳು, ಸುತ್ತಲಿನ ಸ್ಕೂಲ್ ಬಸ್ಸುಗಳು, ಎಲ್ಲದರ ಟೈರೂ ಅಲ್ಲಿಗೇ ಬರುತ್ತಿದ್ದವು. ಮಾಲೀಕರು ಫೋನಿನಲ್ಲಿ ಸುತ್ತಿಬಳಸಿ ಮಾತಾಡುವವರಲ್ಲ.

"ಮೇಡಂ, ಮಾಡಿ ಕಳಿಸಿದ ಟೈರ್‌ಗಳಲ್ಲಿ ಒಂದೊಂದು ಎದ್ದು ವಾಪಸ್ ಬತ್ತಾವೆ. ಪಟ್ಟಿ ಉಬ್ಕೊಂಡುಬುಡ್ತದೆ. ಯಾಕೆ ಅಂತ ಯಾವನಿಗೂ ಗೊತ್ತಾಗ್ತಾ ಇಲ್ಲ. ರಬ್ಬರ್ ಕೊಡೋ ಕಂಪನಿಯೋರು ಇಂಗ್ಲಿಷ್ ಬುಕ್ ಕೊಟ್ಟು, ನಿಮ್ಮ ಜನಕ್ಕೆ ಕನ್ನಡದಲ್ಲಿ ಕಲಿಸಿ, ಬಂದು ನೋಡ್ತೀವಿ ಅಂದವ್ರೆ. ನೋಡಿದ ದಿನ ಸರಿ ಇಲ್ಲಾಂದ್ರೆ ನಮ್ಮನ್ನ ಕೈ ಬುಡ್ತಾರೆ. ಆಮೇಲೆ ಬಾಗ್ಲಾಕ್ಕೊಂಡು ಹೋಗೋದೆ."

ಒಬ್ಬ ಮನುಷ್ಯನ ವರ್ಕ್‌ಶಾಪ್ ಉಳಿಯುವುದು ನನ್ನ ಕನ್ನಡದ ಮೇಲೆ ನಿಂತಿದೆ ಎಂದು ಕೇಳಿ ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ಖುಷಿಯಾಯಿತು. ಪಂಪಿನ ಗ್ಯಾರಂಟಿ ಕಾರ್ಡನ್ನು ಯಾರೂ ಓದುವುದಿಲ್ಲ ಎಂಬ ಹಳೇ ಸಂಕಟ ನನ್ನದು.

ಮೊದಲ ಅಧ್ಯಾಯವನ್ನು ಮನೆಯಲ್ಲೇ ಮುಗಿಸಿ, ಇಸ್ತ್ರಿ ಸೀರೆ ಉಟ್ಟು, ಕನಕಪುರದ ಬಸ್ಸು ಹತ್ತಿದೆ. ವರ್ಕ್‌ಶಾಪಿನಲ್ಲಿ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಓದಿದೆ. ಬಫಿಂಗ್ ಎಂಬಲ್ಲಿ "ಘರ್ಷಣ ಪ್ರಕ್ರಿಯೆ" ಎಂದೂ, ಕ್ಯೂರಿಂಗ್ ತಾಪಮಾನ ಎಂಬಲ್ಲಿ "ಪಕ್ವೀಕರಣ ಉಷ್ಣಾಂಶ" ಎಂದೂ, ಕೊನೆಯ ಇನ್‌ಸ್ಪೆಕ್ಷನ್ನಿಗೆ "ಅಂತಿಮ ಪರಿವೀಕ್ಷಣೆ" ಎಂದೂ ಬರೆದಿದ್ದೆ. ಬಫಿಂಗ್ ಮೆಷಿನ್ ಮುಂದೆ ತಲೆ ನರೆಸಿಕೊಂಡಿದ್ದ ಒಬ್ಬರು ಬಹಳ ಕಾಳಜಿಯಿಂದ ಕೇಳಿದರು:

"ಇದೆಲ್ಲಾ ಆಗಿರೋದು ಯಾರಿಗೆ ಮೇಡಮ್ಮೋರೆ? ಈಗ ಹೆಂಗವ್ರೆ?"

ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಮನೆಮಂದಿಗೆಲ್ಲ ಗೊತ್ತಿರುವಂಥದ್ದು. ಆದರೆ ನಗು ಅದಕ್ಕಿಂತ ಮೊದಲು ಬಂದುಬಿಟ್ಟಿತು, ಅದೂ ಮೂಗಿನಿಂದ. ನಾನು ನಕ್ಕಿದ್ದೇ ತಡ, ತಡೆದುಕೊಂಡು ಕೂತಿದ್ದವರೆಲ್ಲ ಹೋ ಎಂದರು. ಹಾಳೆಗಳನ್ನು ಮಡಚಿ ಚೀಲಕ್ಕೆ ತುರುಕಿದೆ. ಸ್ಟೂಲು ಎಳೆದುಕೊಂಡು ಕೂತೆ. "ನೀವು ಕೆಲಸ ಮಾಡಿ, ನಾನು ನೋಡ್ತೀನಿ, ನೋಡಿದ್ದನ್ನ ಬರೀತೀನಿ" ಅಂದೆ. ಆಮೇಲಿನ ವಾರಗಳೆಲ್ಲ ಹಾಗೇ ನಡೆದವು, ಮತ್ತು ಅಷ್ಟು ನಕ್ಕ ವಾರಗಳು ನನ್ನ ಬದುಕಿನಲ್ಲಿ ಇನ್ನಿಲ್ಲ.

ಬಫಿಂಗನ್ನು ಅವರು ಉಜ್ಜುವುದು ಅನ್ನುತ್ತಿದ್ದರು. ಟೈರು ಗಾಳಿ ತುಂಬಿಕೊಂಡು ಮೆಷಿನ್ನಿನ ಮೇಲೆ ತಿರುಗುತ್ತದೆ, ಹಲ್ಲುಹಲ್ಲಿನ ಗಾಲಿಯೊಂದು ಅದರ ಹಳೇ ರಬ್ಬರನ್ನು ತುರಿಯುತ್ತದೆ, ಕರೀ ಪುಡಿ ರಾಗಿಹಿಟ್ಟಿನಂತೆ ಹಾರುತ್ತದೆ. ಉಜ್ಜಿದ ಮೈ ತೀರ ನುಣ್ಣಗಾದರೆ ಅಂಟು ಹಿಡಿಯುವುದಿಲ್ಲ, ತೀರ ಒರಟಾದರೂ ಹಿಡಿಯುವುದಿಲ್ಲ. ಒಂದೇ ಕಡೆ ಹೆಚ್ಚು ಹೊತ್ತು ಒತ್ತಿದರೆ ಹೊಗೆ ಬಂದು ರಬ್ಬರು ಸೀದು ಹೊಳೆಯುತ್ತದೆ. ಇದನ್ನೆಲ್ಲ ಕೈಪಿಡಿ ಎರಡು ಪುಟ ಮಾಡಿ ಹೇಳಿತ್ತು. ನಾನು ಅರ್ಧ ಪುಟಕ್ಕೆ ಇಳಿಸಿದೆ.

ಕ್ಯೂರಿಂಗಿಗೆ ಅವರ ಮಾತು ಬೇಯಿಸುವುದು. ಇದು ಸಿಕ್ಕ ದಿನ ನಾನು ಕುಣಿದಾಡಿದೆ, ಯಾಕೆಂದರೆ ಆಮೇಲಿನದ್ದೆಲ್ಲ ತಾನಾಗಿ ಬಂತು. ಸರಿಯಾಗಿ ಬೇಯದ ರಬ್ಬರು ಹಸಿ, ಜಾಸ್ತಿ ಬೆಂದದ್ದು ಗಡುಸು. ಹೊಸ ಪಟ್ಟಿ ಕಂಪನಿಯಿಂದಲೇ ಬೆಂದು ಬಂದಿರುತ್ತದೆ. ಟೈರಿಗೂ ಅದಕ್ಕೂ ನಡುವೆ ಇಡುವ ತೆಳ್ಳಗಿನ ಗಮ್ಮಿನ ಹಾಳೆ ಮಾತ್ರ ಹಸಿ, ಚೇಂಬರಿನಲ್ಲಿ ಬೇಯಬೇಕಾದದ್ದು ಅದು. ಈ ಕಂಪನಿಯ ಗಮ್ಮಿಗೆ ನೂರಹತ್ತು ಡಿಗ್ರಿಯ ಆಸುಪಾಸು ಬಿಸಿ ಬೇಕು. ಹೊತ್ತನ್ನು ಎಣಿಸಬೇಕಾದದ್ದು ಚೇಂಬರಿನ ಬಾಗಿಲು ಹಾಕಿದಾಗಿನಿಂದಲ್ಲ, ಒಳಗಿನ ಬಿಸಿ ಅಲ್ಲಿಗೆ ಮುಟ್ಟಿದ ಮೇಲೆ. ಇದನ್ನು ಕೈಪಿಡಿ ಒಂದು ಗ್ರಾಫ್ ಹಾಕಿ ವಿವರಿಸಿತ್ತು. ನಾನು ಬರೆದದ್ದು: "ಇಡ್ಲಿಗೆ ಹೊತ್ತು ಎಣಿಸುವುದು ಒಲೆ ಹಚ್ಚಿದಾಗಿನಿಂದಲ್ಲ, ಆವಿ ಬಂದ ಮೇಲೆ. ಇಲ್ಲೂ ಹಾಗೇ." ಗ್ರಾಫಿನ ಮೇಲೆ ಯಾರೂ ಬೆರಳಿಡಲಿಲ್ಲ. ಇಡ್ಲಿ ಎಲ್ಲರಿಗೂ ಗೊತ್ತಾಯಿತು.

ಅಲ್ಲೇ ಒಂದು ವಿಚಿತ್ರ ಹೊರಬಿತ್ತು. ಸೋಮವಾರ ಮಾತ್ರ ಅವರು ಟೈರುಗಳನ್ನು ಜಾಸ್ತಿ ಹೊತ್ತು ಬೇಯಿಸುತ್ತಿದ್ದರು.

"ಯಾಕೆ?" ಎಂದೆ.

"ವಾಪಸ್ ಬರೋವೆಲ್ಲಾ ಸೋಮವಾರ ಮಾಡಿದ ಟೈರೇ ಮೇಡಂ," ಎಂದರು ಮಾಲೀಕರು. "ಮೇಲೆ ತಾರೀಕು ಒತ್ತಿರ್ತೀವಲ್ಲ. ಭಾನುವಾರ ರಜೆ, ಚೇಂಬರ್ ತಣ್ಗಾಗಿರ್ತದೆ, ಬೇಯೋದು ಸಾಲ್ದು ಅಂತ ಒಸಿ ಜಾಸ್ತಿ ಬುಡ್ತೀವಿ."

"ಜಾಸ್ತಿ ಬಿಟ್ಟ ಮೇಲೆ ಸರಿಹೋಯ್ತಾ?"

"ಇಲ್ಲ."

ಸೋಮವಾರಕ್ಕೇ ಸರಿಯಾಗಿ ಬರುತ್ತಿದ್ದವರು ಮಾಲೀಕರ ಅವ್ವ. ಶಿವನ ವಾರ. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿಯ ಬಟ್ಟಲು ಹಿಡಿದು, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ವರ್ಕ್‌ಶಾಪಿಗೆ ಬರುತ್ತಿದ್ದರು. ಮಗನ ಹಣೆ, ಕೆಲಸದವರ ಹಣೆ, ನಾನು ಬಂದ ಮೇಲೆ ನನ್ನ ಹಣೆ. ಆಮೇಲೆ ಚೇಂಬರು, ಬಫಿಂಗ್ ಮೆಷಿನ್ನು, ಕರೆಂಟಿನ ಬೋರ್ಡು. ಅವರು ಬಂದರೆ ಎಲ್ಲರ ಮುಖವೂ ಅರಳುತ್ತಿತ್ತು, ನನ್ನದೂ. "ಬರ್ಕೊಂಡಾಯ್ತೇನವ್ವ ಇವತ್ತಿಂದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಿದ್ದರು.

ಒಂದು ಸೋಮವಾರ ನಾನು ಮುಖ್ಯವಾದ ಭಾಗ ಓದುತ್ತಿದ್ದೆ. ಉಜ್ಜಿ, ಅಂಟು ಹೊಡೆದು, ಒಣಗಲೆಂದು ಟೈರುಗಳನ್ನು ಕೊಕ್ಕೆಗೆ ಸಾಲಾಗಿ ನೇತುಹಾಕಿದ್ದರು. ನಾನು ಗಟ್ಟಿಯಾಗಿ ಓದಿದೆ: "ಉಜ್ಜಿದ ಮೈಯನ್ನು ಬರಿಗೈಯಲ್ಲಿ ಮುಟ್ಟಬಾರದು. ಎಣ್ಣೆ, ಗ್ರೀಸ್, ನೀರು, ಧೂಳು ಸೋಕಬಾರದು. ಸೋಕಿದರೆ ಪಟ್ಟಿ ಹಿಡಿಯುವುದಿಲ್ಲ."

"ಅದು ಗೊತ್ತಲ್ವಾ ಮೇಡಮ್ಮೋರೆ," ಎಂದರು ಬಫಿಂಗಿನವರು, ಒಂದಿಷ್ಟು ನೊಂದುಕೊಂಡೇ. "ಯಾರೂ ಮುಟ್ಟಾಕಿಲ್ಲ. ನಾನಂತೂ ಮುಟ್ಟಿದೋನ ಕೈ ಮುರೀತೀನಿ."

ಎಲ್ಲರೂ ತಲೆಯಾಡಿಸಿದರು. ನಾನು ಆ ಸಾಲಿನ ಮುಂದೆ ಪೆನ್ನಿನಿಂದ ಸರಿ ಗುರುತು ಹಾಕಿದೆ. ಹಾಕಿ, ಹಣೆಯ ಮೇಲಿಂದ ಉದುರಿದ ವಿಭೂತಿಯನ್ನು ಹಾಳೆಯ ಮೇಲಿಂದ ಊದಿದೆ. ಊದಿದವಳು ಮುಂದಿನ ಸಾಲಿಗೆ ಹೋದೆ. ಅಷ್ಟು ದಡ್ಡಿ ನಾನು.

ಗುಟ್ಟು ಬಿಚ್ಚಿದ್ದು ಕೊನೆಯ ತಪಾಸಣೆಯ ಅಧ್ಯಾಯದಲ್ಲಿ. ಬೆಂದ ಟೈರನ್ನು ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿ ನೋಡಬೇಕು. ಅಂಟಿಕೊಂಡ ಕಡೆ ಗಟ್ಟಿ ಸದ್ದು, ಬಿಟ್ಟುಕೊಂಡ ಕಡೆ ಟೊಳ್ಳು ಸದ್ದು. ಟೊಳ್ಳು ಸದ್ದಿಗೆ ಅವರು ಏನನ್ನುತ್ತಾರೆ ಎಂದು ಕೇಳಿದೆ. ಬಫಿಂಗಿನವರು ಮಾತಾಡುವ ಬದಲು ಮೂಲೆಯಲ್ಲಿ ಬಿದ್ದಿದ್ದ ವಾಪಸ್ ಬಂದ ಟೈರೊಂದನ್ನು ಉರುಳಿಸಿಕೊಂಡು ಬಂದು ತಟ್ಟಿದರು. ಠಪ್, ಠಪ್, ಠಪ್, ಬೊದ್.

"ಇದೇ. ಬೊದ್ದು."

"ಒಳಗೆ ಹೇಗಿರುತ್ತೆ?"

"ನೋಡೇಬುಡಿ," ಎಂದು ಚಾಕು ತಂದು ಉಬ್ಬಿನ ಸುತ್ತ ಕೊಯ್ದು, ಇಕ್ಕಳದಿಂದ ಪಟ್ಟಿಯನ್ನು ಹಿಂದಕ್ಕೆ ಎಳೆದರು. ಒಳಗಿನ ಕರೀ ರಬ್ಬರಿನ ಮೇಲೆ ಮೂರು ಬಿಳೀ ಗೆರೆ. ಅಡ್ಡಡ್ಡ, ಒಂದರ ಕೆಳಗೊಂದು. ಬಫಿಂಗಿನವರು ಇಕ್ಕಳ ಬಿಟ್ಟು ಎರಡೂ ಕೈ ಕಣ್ಣಿಗೊತ್ತಿಕೊಂಡರು.

ಆಮೇಲೆ ಅವರಿಗೆ ಅರ್ಥವಾಯಿತು. ನನಗೂ ಆಯಿತು. ಮಾಲೀಕರಿಗೆ ಎಲ್ಲರಿಗಿಂತ ತಡವಾಗಿ ಆಯಿತು, ಯಾಕೆಂದರೆ ಅವರು ಅಭ್ಯಾಸಬಲದಿಂದ ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದರು. ಬಟ್ಟಲಿನ ನೀರಿನಲ್ಲಿ ಕಲಸಿದ ವಿಭೂತಿಯನ್ನು ಅವ್ವ ಮೂರು ಬೆರಳಿನಿಂದ, ಪ್ರತಿ ಟೈರಿಗೂ, ಅಂಟು ಹೊಡೆದ ಮೈಮೇಲೇ ಹಚ್ಚುತ್ತಿದ್ದರು. ಕೈಪಿಡಿ ಸೋಕಬಾರದು ಎಂದದ್ದರಲ್ಲಿ ಬರಿಗೈ, ನೀರು, ಧೂಳು, ಮೂರೂ ಒಂದೇ ಸಲಕ್ಕೆ! ಕೆಲವು ಟೈರು ಹೇಗೋ ಅದನ್ನೂ ಮೀರಿ ಹಿಡಿದುಕೊಂಡಿದ್ದವು, ಕೆಲವು ಎದ್ದಿದ್ದವು. ಇಷ್ಟು ಜನ ಇಷ್ಟು ಸೋಮವಾರ ಕಣ್ಣೆದುರಿಗೇ ನೋಡಿದ್ದೇವೆ, ಒಬ್ಬರಿಗಾದರೂ ಅದು ಮುಟ್ಟಿದ್ದು ಅಂತ ಅನ್ನಿಸಿರಲಿಲ್ಲ. ಮುಟ್ಟುವುದು ಬೇರೆ, ವಿಭೂತಿ ಹಚ್ಚುವುದು ಬೇರೆ. ಗಮ್ಮನ್ನು ಬೈದಿದ್ದರು, ಚೇಂಬರನ್ನು ಬೈದಿದ್ದರು, ಕರೆಂಟಿನವರ ಅಜ್ಜಿ ತಾತಂದಿರನ್ನೆಲ್ಲ ಬೈದಿದ್ದರು. ನಾವು ನಕ್ಕ ನಗುವಿಗೆ ಕಂಪ್ರೆಸರಿನ ಸದ್ದೂ ಕೇಳಿಸಲಿಲ್ಲ. ನಾನು ಸ್ಟೂಲಿನಿಂದ ಜಾರಿ ರಬ್ಬರ್ ಪುಡಿಯ ಗುಡ್ಡೆಯಲ್ಲಿ ಕೂತೆ, ಎದ್ದಾಗ ಹಿಂದುಗಡೆಯೆಲ್ಲ ಕಪ್ಪು.

ನಗು ನಿಂತದ್ದು ಬಫಿಂಗಿನವರ ಒಂದು ಪ್ರಶ್ನೆಗೆ.

"ಸರಿ, ಅವ್ವಂಗೆ ಯೋಳೋರು ಯಾರು?"

ಎಲ್ಲರೂ ಮಾಲೀಕರನ್ನು ನೋಡಿದರು. ಮಾಲೀಕರು ನನ್ನನ್ನು ನೋಡಿದರು.

"ನೀವು ಬುಕ್ಕಲ್ಲಿ ಬರೆದುಬುಡಿ ಮೇಡಂ. ಕಂಪನಿ ಬುಕ್ಕಲ್ಲೇ ಐತೆ ಅಂದ್ರೆ ಅವ್ವ ಕೇಳ್ತಾಳೆ. ನಾನ್ ಯೋಳಿದ್ರೆ ಊಟ ಬುಡ್ತಾಳೆ."

"ಇಂಗ್ಲಿಷಿನಲ್ಲಿ ವಿಭೂತಿ ಎಲ್ಲಿದೆ? ಇಲ್ಲದ್ದನ್ನ ಸೇರಿಸೋಕೆ ನಾನೇನು ಪಹಣಿ ತಿದ್ದೋ ಗುಮಾಸ್ತೆಯಾ?" ಎಂದು ರೇಗಿದೆ. ರೇಗಿದ್ದು ಹೆದರಿಕೆಗೆ. ಬಸ್ಸಿನಲ್ಲಿ ಕೂತು ಯೋಚಿಸಿದಾಗ ಅನ್ನಿಸಿತು: ಆ ಪುಸ್ತಕ ಬರೆದವನು ಯಾರೋ, ಅವನ ಊರಿನ ವರ್ಕ್‌ಶಾಪಿನಲ್ಲಿ ಏನೇನು ಸೋಕುತ್ತದೋ ಅದನ್ನು ಬರೆದ. ಅವನ ಊರಿನಲ್ಲಿ ಅವ್ವ ಸೋಮವಾರ ಬರುತ್ತಿರಲಿಲ್ಲ. ಅವನು ಕನಕಪುರದಲ್ಲಿ ಇದ್ದಿದ್ದರೆ ಬರೆಯದೆ ಬಿಡುತ್ತಿದ್ದನೆ? ಮನೆ ಸೇರಿ ಆ ಸಾಲನ್ನು ಬೆಳೆಸಿದೆ: "ಎಣ್ಣೆ, ಗ್ರೀಸ್, ನೀರು, ಧೂಳು, ವಿಭೂತಿ, ಕುಂಕುಮ, ಅರಿಶಿನ ಸೋಕಬಾರದು." ಕುಂಕುಮ, ಅರಿಶಿನ ಸೇರಿಸಿದ್ದು ವಿಭೂತಿಗೆ ಒಂಟಿ ಅನ್ನಿಸದಿರಲಿ ಎಂದು.

ಮುಂದಿನ ಸೋಮವಾರ ಅವ್ವ ಬರುವ ಹೊತ್ತಿಗೆ ಕಾದಿದ್ದು ಆ ಸಾಲನ್ನು ಓದಿದೆ. ಮಾಲೀಕರು ಗೋಡೆ ಕಡೆ ತಿರುಗಿ ಸ್ಪ್ಯಾನರ್ ಒರೆಸುತ್ತಿದ್ದರು. ಅವ್ವ ಬಟ್ಟಲು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

"ಗ್ರೀಸೂ ಈಬೂತಿನೂ ಒಂದೇ ಸಾಲ್ನಾಗಾ? ಯಾವೋನವ್ವ ಬರೆದೋನು?"

"ನಾನೇ, ಅವ್ವ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವರು ನನ್ನನ್ನು ಬೈಯಲಿ ಎಂದು ಮನಸಾರೆ ಬಯಸಿದೆ. ಬೈಯಲಿಲ್ಲ. ಬಫಿಂಗಿನವರು ಕೊಯ್ದ ಪಟ್ಟಿಯನ್ನು ತಂದು ಮುಂದಿಟ್ಟರು. ಅವ್ವ ಬಗ್ಗಿ ನೋಡಿದರು. ಅವರ ಉಂಗುರದ ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ. ಅದಕ್ಕೇ ಅವರು ಹಚ್ಚಿದ ಮೂರನೇ ಗೆರೆ ಒಂದಿಷ್ಟು ಕೆಳಕ್ಕೆ ವಾಲುತ್ತದೆ. ರಬ್ಬರಿನ ಮೇಲೂ ವಾಲಿತ್ತು.

"ನಾನ್ ಹಚ್ಚಿದ್ ಕಡೆನೇ ಎದ್ದಿರೋದಾ?"

ಬಫಿಂಗಿನವರು ಹೌದೆಂದು ತಲೆಯಾಡಿಸಿದರು.

"ಇದು ಇಸ್ಕೂಲ್ ಬಸ್ಸಿಂದಾ?"

"ಇಲ್ಲವ್ವ. ಜಲ್ಲಿ ಲಾರೀದು," ಎಂದರು ಮಾಲೀಕರು, ತಿರುಗಿ.

"ಯಾರ್ಗೂ ಏನೂ ಆಗ್ನಿಲ್ವಾ?"

"ಇಲ್ಲವ್ವ. ನಿಜವಾಗ್ಲೂ ಇಲ್ಲ."

"ಕುಂತಿರೋ ಮಕ್ಳಿಗೆ ಏನೂ ಆಗ್ದೇ ಇರ್ಲಿ ಅಂತ ಹಚ್ತಿದ್ದೆ ಕಣಪ್ಪ," ಎಂದು ಟೈರುಗಳನ್ನು ನೋಡಿ ಹೇಳಿದರು. ಹಿಂದಿನ ವಾರ ನಕ್ಕದ್ದೆಲ್ಲ ನನಗೆ ನೆನಪಾಯಿತು. ಆ ಹಾಳೆಯನ್ನು ಅಲ್ಲೇ ಹರಿದು ಹಾಕುವಷ್ಟು ನಾಚಿಕೆಯಾಯಿತು.

ಅವ್ವ ಬಟ್ಟಲನ್ನು ಸೆರಗಿನಿಂದ ಮುಚ್ಚಿದರು. ಹೊರಟವರು ಗೇಟಿನ ತನಕ ಹೋಗಿ ವಾಪಸ್ ಬಂದು, ನನ್ನ ಹಾಳೆಯ ಮೇಲೆ ಬೆರಳಿಟ್ಟರು.

"ಯಾವಾಗ ಹಚ್ಬಾರ್ದು ಅಂತ ಬರ್ದೆ. ಯಾವಾಗ ಹಚ್ಬೌದು ಅಂತ ಬರೀನೇ ಇಲ್ವಲ್ಲ?"

ಆ ಕ್ಷಣ ನನಗಾದ ಖುಷಿಯನ್ನು ಹೇಗೆ ಹೇಳಲಿ! ಅಪ್ಪಿಕೊಳ್ಳಲು ಹೋದೆ, ಮೈಯೆಲ್ಲ ರಬ್ಬರ್ ಪುಡಿ ಇದ್ದದ್ದರಿಂದ ಅವರು ಹಿಂದಕ್ಕೆ ಸರಿದರು. ಅಲ್ಲೇ ನಿಂತು, ಕೊನೆಯ ತಪಾಸಣೆಯ ಅಧ್ಯಾಯಕ್ಕೆ ಒಂದು ಸಾಲು ಸೇರಿಸಿದೆ: "ಸುತ್ತಲೂ ತಟ್ಟಿ ನೋಡಿ, ಎಲ್ಲೂ ಟೊಳ್ಳು ಸದ್ದು ಬರದಿದ್ದರೆ, ಟೈರಿನ ಪಕ್ಕೆಯ ಮೇಲೆ, ನೆಲ ಮುಟ್ಟದ ಕಡೆ, ವಿಭೂತಿ ಹಚ್ಚಬಹುದು. ಟೊಳ್ಳು ಸದ್ದು ಬಂದ ಟೈರಿಗೆ ಹಚ್ಚಬಾರದು." ಎರಡನೇ ವಾಕ್ಯ ಅವ್ವ ಹೇಳಿ ಬರೆಸಿದ್ದು.

ಅಂದಿನಿಂದ ಅವರು ದಿನಾ ಬರತೊಡಗಿದರು. ನನ್ನ ಸ್ಟೂಲು ಹೋಯಿತು. ಚೇಂಬರಿನಿಂದ ಬಂದ ಟೈರು ತಣ್ಣಗಾದ ಮೇಲೆ ಬಫಿಂಗಿನವರು ತಟ್ಟುವುದು, ಅವ್ವ ಕಣ್ಣು ಮುಚ್ಚಿ ಕೇಳುವುದು, ಸುತ್ತು ಮುಗಿದ ಮೇಲೆ ಮೂರು ಬೆರಳು. ಅವಸರದಲ್ಲಿ ಒಂದು ಕಡೆ ತಟ್ಟದೆ ಬಿಟ್ಟರೆ, "ಏನ್ಲಾ, ಅಲ್ಲೇನ್ ನಿಮ್ಮತ್ತೆ ಮನೆನಾ, ತಟ್ಟು" ಎನ್ನುತ್ತಿದ್ದರು. ಬಫಿಂಗಿನವರ ನರೆತ ತಲೆಗೂ ರಿಯಾಯಿತಿ ಇರಲಿಲ್ಲ.

ಕಂಪನಿಯ ಇನ್‌ಸ್ಪೆಕ್ಟರ್ ಬಂದದ್ದೂ ಒಂದು ಸೋಮವಾರವೇ. ಚಿಕ್ಕ ವಯಸ್ಸಿನ ಹುಡುಗಿ, ಶೂ ಹಾಕಿದ್ದಳು, ತನ್ನದೇ ಸುತ್ತಿಗೆ ತಂದಿದ್ದಳು. ಮಾಲೀಕರು ಬೆಳಿಗ್ಗೆಯಿಂದ ಕಾಫಿಯನ್ನೂ ಮುಟ್ಟಿರಲಿಲ್ಲ. ಆಕೆ ನನ್ನ ಕೈಪಿಡಿಯನ್ನು ಇಂಗ್ಲಿಷಿನ ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಓದಿದಳು. ಇಡ್ಲಿಯ ಹತ್ತಿರ ತುಟಿ ಕಚ್ಚಿ ನಗು ತಡೆದದ್ದನ್ನು ಕಂಡು ನನಗೆ ಜೀವ ಬಂತು. ಕೊನೆಯ ಅಧ್ಯಾಯಕ್ಕೆ ಬಂದು ಹುಬ್ಬು ಗಂಟಿಕ್ಕಿದಳು.

"ಮೇಡಂ, ಈ ಎರಡು ವಾಕ್ಯ ಮೂಲದಲ್ಲಿ ಇಲ್ಲ."

"ಮೂಲದಲ್ಲಿ ಅವ್ವನೂ ಇಲ್ಲ," ಎಂದೆ. ಆಕೆ ಹಾಳೆ ಮಗುಚಿದಳು. ಮಾಲೀಕರು ನನ್ನನ್ನು ನೋಡಿದ ನೋಟದಲ್ಲಿ, ನಿಮ್ಮನ್ನು ಯಾಕಾದರೂ ಕರೆದೆನೋ ಎಂದಿತ್ತು.

ಆಮೇಲೆ ಪರೀಕ್ಷೆಯ ಟೈರುಗಳು. ಅವಳೆದುರಿಗೇ ಉಜ್ಜಿ, ಅಂಟು ಹೊಡೆದು, ಬೇಯಿಸಿ ತೆಗೆದಂಥವು. ಬಫಿಂಗಿನವರು ತಟ್ಟುತ್ತ ಹೋದರು, ಅವ್ವ ಹಚ್ಚುತ್ತ ಹೋದರು. ಠಪ್, ಠಪ್, ವಿಭೂತಿ. ಠಪ್, ಠಪ್, ವಿಭೂತಿ. ನಾನು ಮನಸ್ಸಿನಲ್ಲೇ ಕುಣಿಯುತ್ತಿದ್ದೆ. ಕಟ್ಟಕಡೆಯ ಟೈರಿನಲ್ಲಿ, ಪಟ್ಟಿಯ ಎರಡು ತುದಿ ಕೂಡುವ ಜಾಗದಲ್ಲಿ, ಬೊದ್ ಎಂದಿತು.

ಬಹಳ ಸಣ್ಣ ಸದ್ದು. ಬಫಿಂಗಿನವರು ಸುತ್ತಿಗೆಯನ್ನು ಒಂದು ಬೆರಳಿನಷ್ಟು ಆಚೆ ಸರಿಸಿ ತಟ್ಟಿದರು, ಅಲ್ಲಿ ಸರಿಯಾಗಿತ್ತು. ಇನ್‌ಸ್ಪೆಕ್ಟರ್ ಅಷ್ಟು ಹೊತ್ತಿಗೆ ಏನೋ ಬರೆದುಕೊಳ್ಳುತ್ತಿದ್ದಳು, ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಮಾಲೀಕರ ಮುಖ ಬಿಳಿಚಿಕೊಂಡಿತು. ಅವರು ಅವ್ವನನ್ನೇ ನೋಡಿದರು, ತಲೆಯನ್ನು ಬಹಳ ಮೆಲ್ಲಗೆ ಆಡಿಸಿದರು. ಹಚ್ಚಿಬಿಡು ಎಂದು. ನಾನೂ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಇದೊಂದಕ್ಕೆ ಹಚ್ಚಿಬಿಡಿ ಅವ್ವ, ಅವಳು ಹೋದ ಮೇಲೆ ನಾವೇ ಪಕ್ಕಕ್ಕಿಡೋಣ.

ಅವ್ವ ಅದ್ದಿದ ಬೆರಳುಗಳನ್ನು ಟೈರಿನ ಹತ್ತಿರಕ್ಕೆ ಒಯ್ದು, ಹಿಂದಕ್ಕೆ ತೆಗೆದುಕೊಂಡರು.

"ಇದ್ಕೆ ಹಚ್ಚಾಕಿಲ್ಲ ಕಣಪ್ಪ."

"ಅವ್ವಾ," ಎಂದರು ಮಗ.

"ಒಂದ್ಸಲ ತಿಳೀದೇ ಹಚ್ದೆ. ತಿಳಿದು ಹೆಂಗ್ ಹಚ್ಲಿ?"

ಇನ್‌ಸ್ಪೆಕ್ಟರ್ ಪೆನ್ನು ಜೇಬಿಗಿಟ್ಟು ಎದ್ದು ಬಂದಳು. ತನ್ನ ಸುತ್ತಿಗೆಯಿಂದ ಅದೇ ಜಾಗಕ್ಕೆ ತಟ್ಟಿದಳು. ಬೊದ್. ಮಂಡಿಯೂರಿ ಕೂತು ಜಾಯಿಂಟಿನ ಮೇಲೆ ಬೆರಳಾಡಿಸಿ, "ಗಮ್ ಹಾಳೆ ಕೂರಿಸುವಾಗ ಇಲ್ಲಿ ಗಾಳಿ ಉಳಿದಿದೆ, ರೋಲರ್ ಸರಿಯಾಗಿ ಎಳೆದಿಲ್ಲ," ಎಂದು ಸೀಮೆಸುಣ್ಣದಿಂದ ದೊಡ್ಡ ಅಡ್ಡಗೆರೆ ಹಾಕಿದಳು. ಮಾಲೀಕರು ಚೇಂಬರಿಗೆ ಒರಗಿ ನಿಂತುಬಿಟ್ಟರು. ಮುಗಿಯಿತು ಅಂದುಕೊಂಡೆ. ನನ್ನ ಕಣ್ಣಲ್ಲಿ ನೀರು ಬಂತು.

"ಗಾಳಿ ಎಲ್ಲ ವರ್ಕ್‌ಶಾಪಿನಲ್ಲೂ ಉಳಿಯುತ್ತೆ," ಎಂದಳು ಆಕೆ, ಏಳುತ್ತ. "ನಾನು ನೋಡೋಕೆ ಬಂದದ್ದು, ಉಳಿದರೆ ಹಿಡಿಯೋರು ಯಾರಾದರೂ ಇದ್ದಾರಾ ಅಂತ. ಇಲ್ಲಿ ಕೊನೇ ತಪಾಸಣೆ ಯಾರದು?"

ಮಾಲೀಕರು ಬಾಯಿ ತೆರೆದರು. ಬಫಿಂಗಿನವರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ನೆಟ್ಟಗೆ ನಿಂತುಕೊಂಡರು.

"ನಮ್ಮವ್ವಂದು."

ಆಕೆ ತನ್ನ ಹಾಳೆಯನ್ನು ತಂದು, ಒಪ್ಪಿಗೆಯ ಜಾಗದಲ್ಲಿ ಸಹಿ ಹಾಕಿ, ಅದರ ಕೆಳಗಿನ ಖಾಲಿ ಚೌಕವನ್ನು ಅವ್ವನ ಮುಂದೆ ಹಿಡಿದಳು. ತಪಾಸಣೆ ಮಾಡಿದವರು ಇಲ್ಲಿ ಸಹಿ ಮಾಡಬೇಕು ಎಂದಳು, ಪೆನ್ನು ಕೊಡಲು ಬಂದಳು. ಅವ್ವನ ಬಲಗೈ ಒದ್ದೆಯಾಗೇ ಇತ್ತು. ಯಾರಾದರೂ ಏನಾದರೂ ಅನ್ನುವ ಮೊದಲೇ ಅವರು ಮೂರು ಬೆರಳನ್ನು ಬಟ್ಟಲಿನಲ್ಲಿ ಅದ್ದಿ, ಆ ಚೌಕದೊಳಗೆ ನಿಧಾನವಾಗಿ ಎಳೆದರು. ಮೂರನೇ ಗೆರೆ ಒಂದಿಷ್ಟು ವಾಲಿತು. ಬಫಿಂಗಿನವರು ಕಣ್ಣಿಗೊತ್ತಿಕೊಂಡರು, ಮಾಲೀಕರು ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೂ ಗೊತ್ತಿರಲಿಲ್ಲ. ಇನ್‌ಸ್ಪೆಕ್ಟರ್ ಹಾಳೆಯನ್ನು ಮಡಚಲಿಲ್ಲ. ಗೆರೆ ಒಣಗುವ ತನಕ ಹಾಳೆ ಹಾರದಿರಲಿ, ಫ್ಯಾನ್ ಆರಿಸಿ ಎಂದು ಹೇಳಿ, ಆಮೇಲೆ ಅದನ್ನು ಎರಡೂ ಅಂಗೈ ಮೇಲೆ ಮಲಗಿಸಿಕೊಂಡು ಕಾರಿನ ತನಕ ನಡೆದುಹೋದಳು.